ಮಗುವಿನ ಮೈಗೆ ಪೌಡರ್ ಯಾಕೆ?

(ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ತಾಯಿ-ಮಗುವಿನ ಆರೋಗ್ಯದ ಬಗ್ಗೆ ನೀಡಿದ ಮಾಹಿತಿಯ ಪಠ್ಯ)



ಉಳಿತಾಯದ ಲೆಕ್ಕ, ಸಾಲದ ಕಂತು ಎಲ್ಲಾ ಮುಗಿಸಿ ಕೂತಿದ್ದೀರಿ. ಮನೆಗೆ ಹೋಗುವ ಬಸ್ಸಿನ ಚಿಂತೆಯೂ ಇದೆ ಅಂತ ನಮಗೆ ಗೊತ್ತು. ಆದರೂ ಇವತ್ತಿನ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಿ. ಯಾಕೆ ಅಂದರೆ ಇದು ನಮ್ಮ ಸಂಘದ ಒಳಗಿಂದಲೇ ಬಂದ ವಿಷಯ.

ಹೋದ ತಿಂಗಳು ಒಂದು ಸಂಘದವರು ನಮ್ಮ ಹತ್ತಿರ ಬಂದು ಹೊಸ ಚಟುವಟಿಕೆಗೆ ಸಾಲ ಕೇಳಿದರು. ಪಟ್ಟಣದಿಂದ ಟಾಲ್ಕಂ ಪುಡಿಯನ್ನು ಮೂಟೆ ಲೆಕ್ಕದಲ್ಲಿ ತರುವುದು, ಅದಕ್ಕೆ ಮಲ್ಲಿಗೆ ಸೆಂಟು ಬೆರೆಸುವುದು, ಸಣ್ಣ ಡಬ್ಬಿಗೆ ತುಂಬಿ 'ಬೇಬಿ ಪೌಡರ್' ಅಂತ ಸಂತೆಯಲ್ಲಿ ಮಾರುವುದು. ಲೆಕ್ಕ ಚೆನ್ನಾಗಿಯೇ ಹಾಕಿದ್ದರು. ಲಾಭವೂ ಕಾಣುತ್ತಿತ್ತು. ನಾವು ತಕ್ಷಣ 'ಬೇಡ' ಅನ್ನಲಿಲ್ಲ. ಆದರೆ ಅವರಲ್ಲೇ ಒಬ್ಬ ಅಕ್ಕ ಮೆಲ್ಲಗೆ ಒಂದು ಮಾತು ಕೇಳಿದರು: "ಅಲ್ಲ, ಕೂಸಿಗೆ ಪೌಡರ್ ಯಾಕೆ ಹಾಕ್ತೀವಿ ನಾವು? ಹಾಕದಿದ್ರೆ ಏನಾಗುತ್ತೆ?" ಯಾರಿಗೂ ಸರಿಯಾದ ಉತ್ತರ ಹೊಳೆಯಲಿಲ್ಲ. ಒಬ್ಬರು ಬೆವರಿಗೆ ಅಂದರು, ಒಬ್ಬರು ವಾಸನೆಗೆ ಅಂದರು, ಇನ್ನೊಬ್ಬರು "ಪೌಡರ್ ಹಾಕಿ ದೃಷ್ಟಿಬೊಟ್ಟು ಇಟ್ಟರೇ ಅಲ್ವಾ ಕೂಸು ಲಕ್ಷಣ" ಅಂದರು. ಆ ಪ್ರಶ್ನೆಯನ್ನೇ ಇವತ್ತು ಎತ್ತಿಕೊಳ್ಳೋಣ.

ಮೊದಲು ಈ ಟಾಲ್ಕ್ ಅಂದರೆ ಏನು ಅಂತ ನೋಡೋಣ. ಅದು ಕಲ್ಲು. ನಿಜವಾಗಿ ಕಲ್ಲು! ಬಳಪದ ಕಲ್ಲು ಅಂತೀವಲ್ಲ, ಉಗುರಿನಿಂದ ಗೀರಿದರೂ ಗೆರೆ ಬೀಳುವಷ್ಟು ಮೆತ್ತನೆಯ, ಮುಟ್ಟಿದರೆ ಸಾಬೂನಿನ ಹಾಗೆ ಜಾರುವ ಕಲ್ಲು, ಅದರಲ್ಲಿರುವ ಮುಖ್ಯ ಖನಿಜವೇ ಟಾಲ್ಕ್. ಗಣಿಯಿಂದ ತೆಗೆದು, ನುಣ್ಣಗೆ ಅರೆದು, ಶೋಧಿಸಿ, ಸೆಂಟು ಬೆರೆಸಿದರೆ ಪೌಡರ್. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಸಿಗುವುದು ರಾಜಸ್ಥಾನದಲ್ಲಿ. ಕಲ್ಲಾದ್ದರಿಂದ ಇದು ನೀರಿನಲ್ಲಿ ಕರಗುವುದಿಲ್ಲ. ಈ ಒಂದು ಮಾತು ನೆನಪಿಡಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ನಾವು ಪೌಡರ್ ಡಬ್ಬಿಯನ್ನು ಮಗುವಿನ ಮೇಲೆ ಹಿಡಿದು ಕುಟ್ಟಿದಾಗ ಬಿಳಿ ಮೋಡದ ಹಾಗೆ ಏಳುತ್ತದೆ. ನಮ್ಮ ಮುಖ ಎತ್ತರದಲ್ಲಿ ಇರುತ್ತದೆ, ಮಗು ಆ ಮೋಡದ ಒಳಗೇ ಮಲಗಿರುತ್ತದೆ. ಬಿಸಿಲು ಬೀಳುವ ಕಿಟಕಿಯ ಪಕ್ಕ ಒಮ್ಮೆ ಕುಟ್ಟಿ ನೋಡಿ, ಎಷ್ಟು ಹೊತ್ತು ಆ ಧೂಳು ಗಾಳಿಯಲ್ಲಿ ತೇಲುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಅದು ಉಸಿರಿನ ಜೊತೆ ಒಳಗೆ ಹೋದರೆ ಕರಗುವುದಿಲ್ಲ, ಶ್ವಾಸನಾಳದ ಒಳಗಿನ ಪಸೆಯನ್ನು ಹೀರಿ ಒಣಗಿಸುತ್ತದೆ, ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ದೊಡ್ಡವರು ಕೆಮ್ಮಿ ಹೊರಹಾಕುತ್ತೇವೆ. ಹಸುಗೂಸಿಗೆ ಅಷ್ಟು ಜೋರಾಗಿ ಕೆಮ್ಮಲು ಬರುವುದಿಲ್ಲ, ಅದರ ನಾಳಗಳೂ ಬಹಳ ಸಣ್ಣವು. ಅಮೆರಿಕದ ಮಕ್ಕಳ ವೈದ್ಯರ ಸಂಘ ಹಸುಗೂಸುಗಳಿಗೆ ಬೇಬಿ ಪೌಡರ್ ಬೇಡ ಅಂತ ಹೇಳುತ್ತಾ ಬಂದಿರುವುದು ಮೊದಲಾಗಿ ಈ ಕಾರಣಕ್ಕೇ. ಕ್ಯಾನ್ಸರಿನ ಮಾತು ಆಮೇಲೆ ಬಂದದ್ದು.

ಹೆಚ್ಚಿನ ಅನಾಹುತ ಆಗುವುದು ಡಬ್ಬಿಯಿಂದ. ನಮ್ಮ ಪರಿಚಯದ ಒಂದು ಮನೆಯಲ್ಲಿ ಹೀಗಾಯಿತು. ಹನ್ನೊಂದು ತಿಂಗಳ ಗಂಡು ಮಗು. ಚಡ್ಡಿ ಬದಲಿಸುವಾಗ ಸುಮ್ಮನೆ ಮಲಗುವುದಿಲ್ಲ ಅಂತ ಅಜ್ಜಿ ಕೈಗೆ ಪೌಡರ್ ಡಬ್ಬಿ ಕೊಟ್ಟಿದ್ದಾರೆ. ಅಲ್ಲಾಡಿಸಿದರೆ ಸದ್ದು ಬರುತ್ತದೆ, ಮಗುವಿಗೆ ಖುಷಿ. ಮುಚ್ಚಳ ಸಡಿಲ ಇತ್ತು. ಬಾಯಿಗೆ ಇಟ್ಟು ಬೋರಲು ಹಾಕಿಬಿಟ್ಟಿತು. ಮುಖವೆಲ್ಲ ಬಿಳಿ. ಮಗು ಕೆಮ್ಮಿತು, ಸೀನಿತು, ಒಮ್ಮೆ ವಾಂತಿ ಮಾಡಿತು, ಆಮೇಲೆ ಸುಮ್ಮನಾಯಿತು. ಮನೆಯವರು ಒರೆಸಿ, ನಕ್ಕು, ಮಲಗಿಸಿದರು. ಮೂರ್ನಾಲ್ಕು ಗಂಟೆ ಕಳೆದ ಮೇಲೆ ಮಗು ಜೋರಾಗಿ ಉಸಿರಾಡಲು ಶುರುಮಾಡಿತು, ಪಕ್ಕೆ ಒಳಗೆ ಎಳೆಯುತ್ತಿತ್ತು. ಆಸ್ಪತ್ರೆಗೆ ಒಯ್ದು ಆಮ್ಲಜನಕ ಕೊಡಿಸಬೇಕಾಯಿತು. ಎರಡು ದಿನ ಇಟ್ಟುಕೊಂಡು ಕಳಿಸಿದರು, ಮಗು ಈಗ ಚೆನ್ನಾಗಿದೆ. ನಡುವೆ ಆ ಮೂರ್ನಾಲ್ಕು ಗಂಟೆ ಮಗು ಆರಾಮಾಗಿ ಇದ್ದ ಹಾಗೆ ಕಂಡಿತಲ್ಲ, ಮೋಸ ಹೋಗುವುದು ಅಲ್ಲೇ.

ಯಾರ ಮನೆಯಲ್ಲಾದರೂ ಹೀಗಾದರೆ ಮಗುವನ್ನು ಆ ಧೂಳಿನಿಂದ ದೂರ ಎತ್ತಿಕೊಂಡು ಹೋಗಿ. ಮೂಗು, ಬಾಯಿಯ ಹೊರಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಎಣ್ಣೆಯನ್ನೋ ನೀರನ್ನೋ ಬಾಯಿಗೆ ಸುರಿಯಬೇಡಿ, ಅದೂ ಶ್ವಾಸಕೋಶಕ್ಕೆ ಹೋದೀತು. ಸುಮ್ಮನಾಯಿತು ಅಂತ ಕಾಯದೆ ಆಸ್ಪತ್ರೆಗೆ ಹೋಗಿ, ಡಬ್ಬಿಯನ್ನೂ ಒಯ್ಯಿರಿ. ಉಸಿರಿನ ಲೆಕ್ಕ ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಮಗು ಅಳದೆ ಸುಮ್ಮನಿರುವಾಗ ಒಂದು ನಿಮಿಷ ಪೂರ್ತಿ ಎಣಿಸಬೇಕು: ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳಿನವರೆಗೆ 50 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ತುಟಿ ನೀಲಿಯಾಗಿದ್ದರೆ, ಪಕ್ಕೆ ಎಳೆಯುತ್ತಿದ್ದರೆ ಎಣಿಸುತ್ತಾ ಕೂರುವುದೇ ಬೇಡ, ಓಡಿ.

ಈಗ ಕ್ಯಾನ್ಸರಿನ ಮಾತು. ಟಿವಿಯಲ್ಲಿ, ಮೊಬೈಲಿನಲ್ಲಿ ನೀವೂ ನೋಡಿದ್ದೀರಿ, ಹೆದರಿದ್ದೀರಿ. ಇದ್ದದ್ದು ಇದ್ದ ಹಾಗೆ ಹೇಳುತ್ತೇವೆ. ಭೂಮಿಯ ಒಳಗೆ ಟಾಲ್ಕ್ ಇರುವ ಕಡೆಯಲ್ಲೇ ಕೆಲವೊಮ್ಮೆ ಕಲ್ನಾರು ಅಂದರೆ ಆಸ್ಬೆಸ್ಟಾಸ್ ಕೂಡ ಇರುತ್ತದೆ. ಕಲ್ನಾರು ಕ್ಯಾನ್ಸರ್ ತರುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ. ಆದ್ದರಿಂದ ಸರಿಯಾಗಿ ಪರೀಕ್ಷೆ ಮಾಡದ ಪುಡಿಯಲ್ಲಿ ಅದು ಬೆರೆತಿರಬಹುದೆಂಬ ಭಯ ಇದ್ದೇ ಇದೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಟಾಲ್ಕನ್ನೇ 'ಬಹುಶಃ ಕ್ಯಾನ್ಸರ್ ತರಬಲ್ಲದು' ಎಂಬ ಪಟ್ಟಿಗೆ ಸೇರಿಸಿತು. ಮನುಷ್ಯರಲ್ಲಿ ಸಿಕ್ಕಿದ ಸುಳಿವು ಮುಖ್ಯವಾಗಿ ಹೆಂಗಸರ ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ್ದು, ಅದೂ ಪೂರ್ತಿ ಖಚಿತವಲ್ಲ. ಅಮೆರಿಕದಲ್ಲಿ ಸಾವಿರಾರು ಜನ ಕೋರ್ಟಿಗೆ ಹೋದರು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯವರು ತಮ್ಮ ಪೌಡರ್ ಸುರಕ್ಷಿತ ಅಂತಲೇ ಹೇಳಿದರು. ಆದರೂ ಟಾಲ್ಕ್ ಇರುವ ಬೇಬಿ ಪೌಡರನ್ನು 2020ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ, 2023ರಲ್ಲಿ ಜಗತ್ತಿನ ಎಲ್ಲಾ ಕಡೆ ನಿಲ್ಲಿಸಿ, ಅದರ ಬದಲು ಮೆಕ್ಕೆಜೋಳದ ಪಿಷ್ಟಕ್ಕೆ ಬದಲಾದರು.

ಹಾಗಂತ "ಅಯ್ಯೋ, ನನ್ನ ಮೂರು ಮಕ್ಕಳಿಗೂ ಹಾಕಿದ್ದೆನಲ್ಲ" ಅಂತ ಯಾರೂ ನಿದ್ದೆ ಕೆಡಿಸಿಕೊಳ್ಳಬೇಡಿ. ಹಿಂದೆ ಹಾಕಿದ್ದಕ್ಕೆ ಈಗ ಯಾವ ಪರೀಕ್ಷೆಯೂ ಬೇಕಿಲ್ಲ. ಮುಂದೆ ಹಾಕಬೇಡಿ, ಅದರಲ್ಲೂ ಹೆಣ್ಣುಮಕ್ಕಳ ಗುಪ್ತಾಂಗದ ಹತ್ತಿರ ಖಂಡಿತ ಬೇಡ. ಇದು ಕೂಸಿಗೂ ಅನ್ವಯ, ನಮಗೂ ಅನ್ವಯ.

"ಹಾಗಾದ್ರೆ ಜೋಳದ ಪೌಡರ್ ತರ್ತೀವಿ" ಅಂತ ಹಿಂದಿನ ಸಾಲಿನಿಂದ ಯಾರೋ ಹೇಳ್ತಾ ಇದ್ದೀರಿ. ಅದರ ಕಣ ಟಾಲ್ಕಿಗಿಂತ ದಪ್ಪ, ಕಲ್ನಾರಿನ ಭಯವೂ ಇಲ್ಲ. ಆದರೆ ಗಾಳಿಯಲ್ಲಿ ಹಾರುವ ಪುಡಿ ಪುಡಿಯೇ, ಅದೂ ಮಗುವಿನ ಉಸಿರಿಗೆ ಹೋಗುತ್ತದೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಪೌಡರ್ ಮಾಡುವ ಕೆಲಸವಾದರೂ ಏನು ಅಂತ. ಅದಕ್ಕೆ ಒಂದು ಕೂಸಿನ ಕಥೆ ಹೇಳುತ್ತೇವೆ.

ಏಪ್ರಿಲ್ ತಿಂಗಳು, ಸೆಕೆ. ನಾಲ್ಕು ತಿಂಗಳ ಹೆಣ್ಣುಕೂಸು, ಮೈಕೈ ತುಂಬಿಕೊಂಡಿತ್ತು, ಕುತ್ತಿಗೆಯಲ್ಲಿ ಮೂರು ಮಡಿಕೆ. ಕುತ್ತಿಗೆಯ ಮಡಿಕೆಯಲ್ಲಿ ಕೆಂಪಗಾಗಿದೆ ಅಂತ ತಾಯಿ ಪೌಡರ್ ಹಾಕಿದಳು. ಮರುದಿನ ಇನ್ನೂ ಕೆಂಪು, ಇನ್ನೂ ಪೌಡರ್. ನಾಲ್ಕನೇ ದಿನ ನಮ್ಮ ಕಾರ್ಯಕರ್ತೆ ಮನೆಗೆ ಹೋದಾಗ ಕೂಸಿನ ಗಲ್ಲ ಮೆಲ್ಲಗೆ ಎತ್ತಿ ನೋಡಿದಳು. ಮಡಿಕೆಯ ಒಳಗೆ ಪೌಡರ್ ಬೆವರಿನ ಜೊತೆ, ಕಟವಾಯಿಯಿಂದ ಹರಿದ ಹಾಲಿನ ಜೊತೆ ಸೇರಿ ಹಿಟ್ಟಿನ ಉಂಡೆ ಹಾಗೆ ಕಟ್ಟಿಕೊಂಡಿತ್ತು. ಕೂಸು ಕತ್ತು ತಿರುಗಿಸಿದಾಗಲೆಲ್ಲ ಆ ಉಂಡೆ ಎಳೆ ಚರ್ಮವನ್ನು ಉಜ್ಜುತ್ತಿತ್ತು. ಕೆಳಗೆ ಚರ್ಮ ಹಸಿಹಸಿ, ಹುಳಿ ವಾಸನೆ. ಮೇಲೆ ಮಲ್ಲಿಗೆ ವಾಸನೆ ಇದ್ದದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಪೌಡರ್ ಬೆವರನ್ನು ನಿಲ್ಲಿಸುವುದಿಲ್ಲ, ಸ್ವಲ್ಪ ಹೀರುತ್ತದೆ ಅಷ್ಟೇ. ಹೀರಿದ್ದು ಎಲ್ಲಿ ಹೋಗುತ್ತದೆ? ಅಲ್ಲೇ ಮಡಿಕೆಯಲ್ಲಿ ಒದ್ದೆ ಪುಡಿಯಾಗಿ ಉಳಿಯುತ್ತದೆ. ಬೆವರುಸಾಲೆಯಂತೂ ಬೆವರಿನ ರಂಧ್ರ ಕಟ್ಟಿಕೊಂಡೇ ಬರುವುದು. ಅದರ ಮೇಲೆ ಪುಡಿ ಮೆತ್ತಿದರೆ ಮತ್ತಷ್ಟು ಕಟ್ಟಬಹುದು. ಅದಕ್ಕೆ ಮದ್ದು ತಂಪು, ಗಾಳಿ, ಸಡಿಲ ಬಟ್ಟೆ.

ಆ ಕೂಸಿಗೆ ಏನು ಮಾಡಿದರು ಅಂತ ಕೇಳಿ. ಪೌಡರನ್ನು ಅವತ್ತೇ ನಿಲ್ಲಿಸಿದರು. ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತನೆ ಹತ್ತಿ ಬಟ್ಟೆ ಅದ್ದಿ, ಮಡಿಕೆ ಬಿಡಿಸಿ, ಉಜ್ಜದೆ ನೆನೆಸಿ ನೆನೆಸಿ ಆ ಉಂಡೆ ತೆಗೆದರು. ಸಾಬೂನು ಹಾಕಲಿಲ್ಲ. ಒಣಗಿದ ಬಟ್ಟೆಯಿಂದ ಒತ್ತಿ ಒತ್ತಿ ಒಣಗಿಸಿದರು. ದಿನಕ್ಕೆ ಎರಡು ಮೂರು ಸಲ ಕೂಸನ್ನು ಸ್ವಲ್ಪ ಹೊತ್ತು ಬರಿಮೈಯಲ್ಲಿ ಮಲಗಿಸಿ, ಯಾರಾದರೂ ಹತ್ತಿರ ಕೂತು ಕುತ್ತಿಗೆಗೆ ಗಾಳಿಯಾಡಲು ಬಿಟ್ಟರು. ಹಾಲು ಕುಡಿಸಿದ ಮೇಲೆ ಗಲ್ಲದ ಕೆಳಗೆ ಒರೆಸುವುದನ್ನು ರೂಢಿ ಮಾಡಿದರು. ಆದರೆ ಎರಡು ದಿನ ಕಳೆದರೂ ಕೆಂಪು ಪೂರ್ತಿ ಇಳಿಯಲಿಲ್ಲ. ಕಡುಕೆಂಪು ಮಚ್ಚೆ, ಅದರ ಅಂಚಿನ ಆಚೆ ಬಿಡಿಬಿಡಿಯಾಗಿ ಸಣ್ಣ ಕೆಂಪು ಗುಳ್ಳೆ. ಹೀಗಿದ್ದರೆ ಅದು ಬರೀ ಬೆವರಲ್ಲ, ಶಿಲೀಂಧ್ರ ಅಂದರೆ ಫಂಗಸ್ ಸೇರಿಕೊಂಡ ಗುರುತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ನೋಡಿ ಫಂಗಸ್ಸಿನ ಮುಲಾಮು ಬರೆದುಕೊಟ್ಟರು. ಸುಮಾರು ಒಂದು ವಾರದಲ್ಲಿ ಚರ್ಮ ಸರಿಹೋಯಿತು. ಆ ಮುಲಾಮು ಉಳಿದಿದೆ ಅಂತ ನೆರೆಮನೆಯ ಕೂಸಿಗೆ ಕೊಡಬಾರದು, ಅದನ್ನೂ ಹೇಳಿಬಿಡುತ್ತೇವೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಮಿಶ್ರ ಮುಲಾಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ, ಅದು ಎಳೆ ಚರ್ಮವನ್ನು ಇನ್ನೂ ತೆಳ್ಳಗೆ ಮಾಡುತ್ತದೆ. ಕೀವು ತುಂಬಿದ ಗುಳ್ಳೆ, ಜ್ವರ, ಹಾಲು ಕುಡಿಯದೆ ಮಂಕಾಗಿರುವುದು, ಇವು ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ.

ತೊಡೆಸಂದಿನ ಕೆಂಪಿಗೂ ಇದೇ ದಾರಿ. ಅಲ್ಲಿ ತೊಂದರೆ ಕೊಡುವುದು ಉಚ್ಚೆ ಮತ್ತು ಕಕ್ಕ ಚರ್ಮಕ್ಕೆ ತಾಗಿಕೊಂಡೇ ಇರುವುದು. ಒದ್ದೆಯಾದ ತಕ್ಷಣ ಬಟ್ಟೆ ಬದಲಿಸಿ, ನೀರಿನಿಂದ ತೊಳೆದು, ಒಣಗಿಸಿ. ಕೆಂಪಾಗಿದ್ದರೆ ಸತುವಿನ ಮುಲಾಮು, ಅಂದರೆ ಜಿಂಕ್ ಆಕ್ಸೈಡ್ ಇರುವ ಸೆಂಟಿಲ್ಲದ ಮುಲಾಮನ್ನು ದಪ್ಪಗೆ ಹಚ್ಚಿದರೆ ಅದು ನಡುವೆ ಗೋಡೆಯ ಹಾಗೆ ನಿಲ್ಲುತ್ತದೆ. ಹಳೇ ಪಂಚೆ, ಹಳೇ ಹತ್ತಿ ಸೀರೆಯ ಬಟ್ಟೆಗೆ ಸಮನಾದದ್ದು ಇಲ್ಲ. ಒಗೆದು ಬಿಸಿಲಿಗೆ ಒಣಗಿಸಿದರೆ ಆಯಿತು. ಆದರೆ ಸೆಂಟಿನ ಸೋಪುಪುಡಿ ಬಟ್ಟೆಯಲ್ಲೇ ಉಳಿಯದ ಹಾಗೆ ಎರಡು ಸಲ ಜಾಲಿಸಬೇಕು.

ಇನ್ನು ವಾಸನೆಯ ವಿಷಯ. ಕೂಸಿಗೆ ಸುಗಂಧ ಬೇಕಾ? ಇದರ ಬಗ್ಗೆ ಒಂದು ಚಂದದ ಪ್ರಯೋಗ ನಡೆದಿದೆ. 1975ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫಾರ್ಲೇನ್ ಎಂಬ ವೈದ್ಯರು ಹಸುಗೂಸುಗಳ ಮುಖದ ಒಂದು ಪಕ್ಕ ತಾಯಿಯ ಎದೆಹಾಲಿನ ಪಸೆ ಹೀರಿದ ಬಟ್ಟೆ, ಇನ್ನೊಂದು ಪಕ್ಕ ಬೇರೆ ಹೆಂಗಸಿನ ಎದೆಯ ಬಟ್ಟೆ ಇಟ್ಟು ನೋಡಿದರು. ಹುಟ್ಟಿ ಆರು ದಿನ ಆಗುವಷ್ಟರಲ್ಲಿ ಕೂಸುಗಳು ತಮ್ಮ ತಾಯಿಯ ಬಟ್ಟೆಯ ಕಡೆಗೇ ಹೆಚ್ಚು ಹೊತ್ತು ಮುಖ ತಿರುಗಿಸುತ್ತಿದ್ದವು. ಕಣ್ಣು ಸರಿಯಾಗಿ ಕಾಣುವ ಮೊದಲೇ ಕೂಸು ಅಮ್ಮನನ್ನು ಮೂಗಿನಿಂದ ಗುರುತಿಸುತ್ತದೆ. ನಾವೋ ಬಾಣಂತಿಗೂ ಸೆಂಟು, ಕೂಸಿಗೂ ಸೆಂಟು, ಕೋಣೆಗೆ ಊದಿನಕಡ್ಡಿ, ಕೂದಲಿಗೆ ಸಾಂಬ್ರಾಣಿ ಹೊಗೆ! ಪೌಡರಿನ ವಾಸನೆಯನ್ನು ನಾವು 'ಕೂಸಿನ ವಾಸನೆ' ಅಂತ ತಿಳಿದಿದ್ದೇವೆ. ಅದು ಡಬ್ಬಿಯ ವಾಸನೆ. ಆ ಸುಗಂಧ ಬೇಕಿರುವುದು ಕೂಸನ್ನು ಎತ್ತಿಕೊಳ್ಳುವ ನಮಗೆ, ಕೂಸಿಗಲ್ಲ.

ಬೇಡದಿದ್ದರೆ ಬಿಡಿ, ಹಾಕಿದರೆ ಏನು ಕೆಡುತ್ತದೆ ಅಂತ ಕೇಳಬಹುದು. ಡಬ್ಬಿಯ ಮೇಲೆ ಫ್ರಾಗ್ರೆನ್ಸ್ ಅಥವಾ ಪರ್ಫ್ಯೂಮ್ ಅಂತ ಒಂದೇ ಪದ ಬರೆದಿರುತ್ತದೆ. ಆ ಒಂದು ಪದದ ಹಿಂದೆ ಹತ್ತಾರು ರಾಸಾಯನಿಕ ಇರಬಹುದು, ಯಾವುದು ಅಂತ ಬಿಡಿಸಿ ಹೇಳುವುದಿಲ್ಲ. ಕೂಸಿನ ಚರ್ಮ ತೆಳು, ತೂಕಕ್ಕೆ ಹೋಲಿಸಿದರೆ ಚರ್ಮದ ಅಗಲ ನಮಗಿಂತ ಹೆಚ್ಚು, ಹಾಗಾಗಿ ಹಚ್ಚಿದ್ದು ಹೆಚ್ಚು ಒಳಗೆ ಸೇರುತ್ತದೆ. ಸುಗಂಧದ ವಸ್ತುಗಳು ಚರ್ಮದ ಅಲರ್ಜಿಗೆ ಮುಖ್ಯ ಕಾರಣಗಳಲ್ಲಿ ಒಂದು. ಈ ಅಲರ್ಜಿ ಮೊದಲ ದಿನವೇ ಬರುವುದಿಲ್ಲ. ಮತ್ತೆ ಮತ್ತೆ ತಾಗಿ ತಾಗಿ ಒಂದು ದಿನ ಮೈ ಅದನ್ನು ಶತ್ರು ಅಂತ ತೀರ್ಮಾನಿಸುತ್ತದೆ. ಆಮೇಲೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ. "ಆರು ತಿಂಗಳಿಂದ ಇದೇ ಸೋಪು ಹಾಕ್ತಿದ್ದೀವಿ, ಅದರಿಂದ ಹೇಗೆ ಬರುತ್ತೆ?" ಅಂತ ಕೇಳುವವರಿಗೆ ಇದೇ ಉತ್ತರ. ಮನೆಯಲ್ಲಿ ಯಾರಿಗಾದರೂ ಇಸುಬು, ಉಬ್ಬಸ ಇದ್ದರೆ ಇನ್ನೂ ಜಾಗ್ರತೆ ಬೇಕು. ಸಾಂಬ್ರಾಣಿ ಹೊಗೆಯನ್ನು ಕೂಸಿನ ಕೋಣೆಯಲ್ಲಿ ಹಾಕಬೇಡಿ. ಕೂದಲು ಬಟ್ಟೆಯಿಂದ ಒರೆಸಿದರೆ ಒಣಗುತ್ತದೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ.

ಹಾಗಾದರೆ ಯಾವುದು ಸಾಕು? ಬಹುಪಾಲು ನೀರೇ ಸಾಕು. ಸೋಪು ಹಾಕುವುದಾದರೆ ಸೆಂಟಿಲ್ಲದ ಮೃದುವಾದದ್ದನ್ನು ವಾರಕ್ಕೆ ಎರಡು ಮೂರು ಸಲ, ಕೊಳೆಯಾಗುವ ಜಾಗಕ್ಕೆ ಮಾತ್ರ ಹಾಕಿ. ಕಡಲೆಹಿಟ್ಟು ಹಾಕಿ ಗಸಗಸ ತಿಕ್ಕಿದರೆ ಕೂಸಿನ ಚರ್ಮ ಗೀರುತ್ತದೆ. ತಿಕ್ಕಿದರೆ ಬಣ್ಣ ಬರುತ್ತದೆ ಅನ್ನುವುದು ಸುಳ್ಳು. ಎಣ್ಣೆ ಹಚ್ಚುವ ರೂಢಿ ಬಿಡಬೇಕಾಗಿಲ್ಲ. ಶುದ್ಧ ಕೊಬ್ಬರಿ ಎಣ್ಣೆ ಒಳ್ಳೆಯದು, ಸೆಂಟು ಸೇರಿಸಿದ ತಲೆಗೂದಲಿನ ಎಣ್ಣೆ ಬೇಡ. ಕೆಂಪಾಗಿ ಹಸಿಯಾದ ಮಡಿಕೆಗಳಿಗೆ ಮಾತ್ರ ಎಣ್ಣೆ ಹಚ್ಚಬೇಡಿ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದಂತೂ ಯಾವ ಕಾರಣಕ್ಕೂ ಬೇಡ, ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿರುವುದುಂಟು. ಇದನ್ನು ನಿಮ್ಮ ಅತ್ತೆಗೆ, ಅಜ್ಜಿಗೆ ಹೇಳುವುದು ಕಷ್ಟ ಅಂತ ನಮಗೂ ಗೊತ್ತು. "ಡಾಕ್ಟ್ರು ಬೇಡ ಅಂದಿದ್ದಾರೆ ಅತ್ತೆ" ಅಂತ ನಮ್ಮ ಮೇಲೆಯೇ ಹಾಕಿಬಿಡಿ, ಜಗಳ ಬೇಡ.

ಕೊಳ್ಳುವಾಗ ಓದು ಬರುವ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ. ಮುಂದಿನ ಭಾಗದ ಮಗುವಿನ ಚಿತ್ರ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿಸಿ. ಪೌಡರಿನ ಪಟ್ಟಿಯಲ್ಲಿ ಟಿ, ಎ, ಎಲ್, ಸಿ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಇದ್ದರೆ ಅದು ಆ ಕಲ್ಲಿನ ಪುಡಿ. ಇನ್ನೊಂದು ಮೋಸ ಇದೆ: 'ಅನ್‌ಸೆಂಟೆಡ್' ಅಂತ ಬರೆದದ್ದರಲ್ಲಿ ಬೇರೆ ವಾಸನೆ ಮುಚ್ಚಲು ಸುಗಂಧ ಹಾಕಿರಬಹುದು. 'ಫ್ರಾಗ್ರೆನ್ಸ್ ಫ್ರೀ' ಅಂತಿದ್ದರೆ ಸುಗಂಧ ಸೇರಿಸಿಲ್ಲ ಎಂದು ಅರ್ಥ. 'ನೈಸರ್ಗಿಕ' ಎಂಬ ಪದಕ್ಕೆ ಮರುಳಾಗಬೇಡಿ, ಲ್ಯಾವೆಂಡರ್, ನಿಂಬೆ ಎಣ್ಣೆಯಿಂದಲೂ ಅಲರ್ಜಿ ಬರುತ್ತದೆ.

ಆ ಸಂಘದ ಸಾಲದ ಅರ್ಜಿ ಏನಾಯಿತು ಅಂತ ಕೇಳುತ್ತೀರಿ. ಸೌಂದರ್ಯವರ್ಧಕ ತಯಾರಿಸಿ ಮಾರಲು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ ಲೈಸೆನ್ಸ್ ಬೇಕು, ಮನೆಯ ಜಗಲಿಯಲ್ಲಿ ಕೂತು ತುಂಬುವಂತಿಲ್ಲ ಅಂತ ಅವರಿಗೆ ವಿವರಿಸಿದೆವು. ಮೂಟೆಯ ಪುಡಿಯಲ್ಲಿ ಕಲ್ನಾರು ಇದೆಯೋ ಇಲ್ಲವೋ ಎಂದು ಕಣ್ಣಿನಿಂದ ಹೇಳಲು ಯಾರಿಂದಲೂ ಆಗದು. ದಿನವೂ ಆ ಧೂಳಿನಲ್ಲಿ ಕೂತು ತುಂಬುವವರು ನೀವೇ, ಮೊದಲು ಕೆಡುವ ಶ್ವಾಸಕೋಶವೂ ನಿಮ್ಮದೇ ಅಂದೆವು. ಅವರು ಎರಡು ವಾರ ಮಾತಾಡಿಕೊಂಡು ಅರ್ಜಿ ಬದಲಿಸಿದರು. ಈಗ ಮೆತ್ತನೆಯ ಬಿಳಿ ಹತ್ತಿ ಬಟ್ಟೆಯ ಕಚ್ಚೆ, ಜೊಲ್ಲು ಒರೆಸುವ ಚೌಕ, ಮುಂದೆ ಲಾಡಿ ಕಟ್ಟುವ ಜುಬ್ಬ ಹೊಲಿಯುತ್ತಿದ್ದಾರೆ. ಲಾಭ ಪೌಡರಿನಷ್ಟು ಇಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಹೊರಗೆ ಮೇಜಿನ ಮೇಲೆ ಮಾದರಿ ಇಟ್ಟಿದ್ದಾರೆ, ಹೋಗುವಾಗ ಮುಟ್ಟಿ ನೋಡಿ. ಹೊಸ ಬಟ್ಟೆಯನ್ನು ಕೂಸಿಗೆ ತೊಡಿಸುವ ಮೊದಲು ಒಮ್ಮೆ ಒಗೆಯಲು ಮರೆಯಬೇಡಿ.